ಅಪ್ಪನ ಕಿವಿ ಸರಿಯಾಗಿದೆ, ಪಿಡಿಎಫ್ ಒಳಗೇ ತೊಡಕಿದೆ

ಪ್ರಶ್ನೆ: ನನ್ನ ತಂದೆಗೆ ಎಪ್ಪತ್ನಾಲ್ಕು ವರ್ಷ. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. ಎರಡು ವರ್ಷದಿಂದ ಕಣ್ಣಿನ ಅಕ್ಷಿಪಟದ ನಡುಭಾಗ ಸವೆದು, ಎದುರಿಗಿರುವವರ ಅಂಚು ಕಾಣುತ್ತದೆ, ಮುಖ ಕಾಣುವುದಿಲ್ಲ. ಅಕ್ಷರವಂತೂ ಇಲ್ಲವೇ ಇಲ್ಲ. ಮೊದಮೊದಲು ನಾನು, ನನ್ನ ತಮ್ಮ ಸರದಿಯ ಮೇಲೆ ಓದಿ ಹೇಳುತ್ತಿದ್ದೆವು. ಕೆಲಸ, ಮಕ್ಕಳ ಪರೀಕ್ಷೆ ಅಂತ ಅದು ವಾರಕ್ಕೊಮ್ಮೆಗೆ ಬಂತು. ಈಗ ಅಪ್ಪನೇ ಕೇಳುವುದನ್ನು ಬಿಟ್ಟಿದ್ದಾರೆ.

ಯಾರೋ ಹೇಳಿದರೆಂದು ಅವರ ಆಂಡ್ರಾಯ್ಡ್ ಫೋನಿಗೆ ಪಿಡಿಎಫ್ ಓದಿ ಹೇಳುವ ಆ್ಯಪ್ ಹಾಕಿಕೊಟ್ಟೆ. ಮೂರು ಕಡತ ಹಾಕಿದೆ. ಒಂದು, ಅವರು ಕಾಲೇಜಿನಲ್ಲಿ ಓದಿ ಮೆಚ್ಚಿದ್ದ ಹಳೆಯ ಕಾದಂಬರಿ. ಅದನ್ನು ತೆರೆದರೆ ಫೋನು ಬಾಯೇ ಬಿಡುವುದಿಲ್ಲ. ಎರಡು, ಅವರ ಶಿಷ್ಯರು ಕಳಿಸಿದ ಶಾಲೆಯ ಸ್ಮರಣ ಸಂಚಿಕೆ. ಅದರಲ್ಲಿ ಇಂಗ್ಲಿಷ್ ಅಕ್ಷರಗಳನ್ನೇ ಬಡಬಡಿಸುತ್ತಾ ನಡುನಡುವೆ ‘ಪೌಂಡ್, ಪೌಂಡ್’ ಅನ್ನುತ್ತದೆ. ಮೂರು, ನಿವೃತ್ತ ನೌಕರರಿಗೆ ಸಂಬಂಧಿಸಿದ ಒಂದು ಕೈಪಿಡಿ. ಅದನ್ನು ಕನ್ನಡದಲ್ಲೇ ಓದುತ್ತದೆ, ಆದರೆ ‘ಸಕಾರ್ರ’, ‘ವಷರ್’, ‘ಧಮರ್’ ಅನ್ನುತ್ತದೆ. ಅಪ್ಪ ಹತ್ತು ನಿಮಿಷ ಕೇಳಿ, ‘ಬಿಡಮ್ಮ, ನನ್ನ ಕಿವಿಯೂ ಹೋಗ್ತಿದೆಯೋ ಏನೋ’ ಅಂದರು. ಆ ಮಾತು ನನ್ನನ್ನು ಬಿಡುತ್ತಿಲ್ಲ. ತಪ್ಪು ಫೋನಿನದೋ, ಆ್ಯಪಿನದೋ, ನನ್ನದೋ? ಬೇರೆ ಫೋನ್ ಕೊಳ್ಳಬೇಕೇ?

*— ಹೆಸರು ಬೇಡ, ಹಾಸನ*

ಉತ್ತರ: ಫೋನ್ ಕೊಳ್ಳಬೇಡಿ. ಮತ್ತು ಇವತ್ತೇ ಅಪ್ಪನ ಹತ್ತಿರ ಕೂತು, ‘ನಿಮ್ಮ ಕಿವಿ ಸರಿಯಾಗಿದೆ, ಫೋನು ನಿಜವಾಗಿಯೂ ಸಕಾರ್ರ ಅಂತಲೇ ಅಂದಿದೆ’ ಎಂದು ಹೇಳಿ. ಅವರು ಕೇಳಿಸಿಕೊಂಡದ್ದು ಅಕ್ಷರಶಃ ಸರಿ. ನೀವು ಆ ಮೂರು ಪದಗಳನ್ನು ಹಾಗೆ ಹಾಗೇ ಬರೆದು ಕಳಿಸಿದ್ದು ಒಳ್ಳೆಯದಾಯಿತು. ಇಡೀ ರೋಗಲಕ್ಷಣ ಅವುಗಳಲ್ಲೇ ಇದೆ.

ನನ್ನ ಸೋದರಮಾವನಿಗೂ ಇದೇ ಆಗಿತ್ತು. ನಾನು ಒಂದಾದ ಮೇಲೊಂದು ಮೂರು ಆ್ಯಪ್ ಬದಲಿಸಿ, ದನಿ ಬದಲಿಸಿ, ವೇಗ ಬದಲಿಸಿ ಒಂದು ವಾರ ಕಳೆದೆ. ಓದುವ ದನಿಯ ಮೇಲೆಯೇ ನನ್ನ ಅನುಮಾನ. ಕೊನೆಗೆ ನೋಡಿದರೆ ದನಿಗೆ ಸಿಗುತ್ತಿದ್ದ ಅಕ್ಷರಗಳೇ ತಪ್ಪಾಗಿದ್ದವು. ಆದ್ದರಿಂದ ಮೊದಲು ದನಿಯನ್ನು ಬೇರೆಯಾಗಿ, ಕಡತವನ್ನು ಬೇರೆಯಾಗಿ ಪರೀಕ್ಷಿಸೋಣ.

ದನಿಯ ಪರೀಕ್ಷೆ ಎರಡು ನಿಮಿಷದ್ದು. ಫೋನಿನ ಸೆಟ್ಟಿಂಗ್ಸ್‌ನಲ್ಲಿ Text-to-speech output ಎಂದು ಹುಡುಕಿ, ಅಲ್ಲಿ ಭಾಷೆ ಕನ್ನಡ ಎಂದಿದೆಯೇ, ಕನ್ನಡದ ದನಿ ಇಳಿಸಿಕೊಂಡಿದೆಯೇ ನೋಡಿ. ಆಮೇಲೆ ಕನ್ನಡ ವಿಕಿಪೀಡಿಯದ ಯಾವುದಾದರೂ ಲೇಖನದ ಒಂದು ಪ್ಯಾರಾ ನಕಲು ಮಾಡಿ ಅದೇ ಆ್ಯಪಿನಲ್ಲಿ ಓದಿಸಿ. ಅದು ಯುನಿಕೋಡ್ ಕನ್ನಡ. ಅಲ್ಲಿ ‘ಸರ್ಕಾರ’ವನ್ನು ‘ಸರ್ಕಾರ’ ಎಂದೇ ಓದಿದರೆ ನಿಮ್ಮ ಫೋನಿನಲ್ಲಿ ಯಾವ ದೋಷವೂ ಇಲ್ಲ. ಕೈಪಿಡಿಯನ್ನು ಅದು ಕನ್ನಡದಲ್ಲೇ ಓದುತ್ತಿದೆ ಎಂದ ಮೇಲೆ ಕನ್ನಡದ ದನಿ ಅಲ್ಲಿ ಇದ್ದೇ ಇದೆ, ಈ ಪರೀಕ್ಷೆಯಲ್ಲಿ ಅದು ಗೆಲ್ಲುತ್ತದೆಂದೇ ನನ್ನ ನಂಬಿಕೆ. ಐಫೋನ್ ಇರುವವರಿಗೆ ಐಒಎಸ್ 16ರಿಂದ ಸೌಮ್ಯಾ ಎಂಬ ಕನ್ನಡದ ದನಿ ಇದೆ. ಕಂಪ್ಯೂಟರಿನ ಎಡ್ಜ್ ಬ್ರೌಸರಿನಲ್ಲಿ Read aloud ಒತ್ತಿದರೆ ಸಪ್ನಾ, ಗಗನ್ ಎಂಬ ಎರಡು ದನಿ ಸಿಗುತ್ತವೆ. ಅವಕ್ಕೆ ಇಂಟರ್‌ನೆಟ್ ಬೇಕು. ಇವೆಲ್ಲ ಶುದ್ಧ ಕನ್ನಡ ಪಠ್ಯ ಕೊಟ್ಟರೆ ಕೇಳುವಂತೆಯೇ ಓದುತ್ತವೆ.

ಈಗ ಕಡತದ ಪರೀಕ್ಷೆ. ಮೂರೂ ಕಡತಗಳ ಹೆಸರಿನ ಕೊನೆಗೆ ಪಿಡಿಎಫ್ ಎಂದೇ ಇದ್ದರೂ ಮೂರರ ಒಳಗೂ ಇರುವ ಸಾಮಗ್ರಿ ಬೇರೆ ಬೇರೆ. ಒಂದೊಂದನ್ನೂ ತೆರೆದು, ಒಂದು ಸಾಲಿನ ಮೇಲೆ ಬೆರಳು ಒತ್ತಿ ಹಿಡಿದು, ಎರಡು ಮೂರು ಸಾಲು ನಕಲು ಮಾಡಿ, ವಾಟ್ಸಾಪಿನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳಿ. ಪಿಡಿಎಫ್ ತೆರೆಯಲ್ಲಿ ಕಾಣುವುದು ನಿಮ್ಮ ಕಣ್ಣಿಗಾಗಿ ಬಿಡಿಸಿದ ರೂಪ. ವಾಟ್ಸಾಪಿನಲ್ಲಿ ಬಿದ್ದದ್ದು ಓದುವ ದನಿಗೆ ಸಿಗುವ ಅಕ್ಷರ. ಅಪ್ಪ ಕೇಳಿದ್ದನ್ನು ನೀವು ಕಣ್ಣಾರೆ ನೋಡುವ ಉಪಾಯ ಇದೊಂದೇ.

ಕಾದಂಬರಿಯಲ್ಲಿ ಸಾಲು ಆಯ್ಕೆಯೇ ಆಗುವುದಿಲ್ಲ. ಪುಟ ಪೂರ್ತಿ ಒಂದು ಫೋಟೋ. ಹಳೆಯ ಪುಸ್ತಕವನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಮಾಡಿದಾಗ ಅದರಲ್ಲಿ ಮಸಿಯ ಚಿತ್ರವಿರುತ್ತದೆ, ಅಕ್ಷರವೆಂಬುದು ಒಂದೂ ಇರುವುದಿಲ್ಲ. ಫೋನು ಸುಮ್ಮನಿದ್ದದ್ದು ಅದಕ್ಕೇ.

ಸ್ಮರಣ ಸಂಚಿಕೆಯಿಂದ ನಕಲು ಮಾಡಿದರೆ ಹೀಗೊಂದು ಸಾಲು ಬಂದು ಬೀಳುತ್ತದೆ:

```
PÀ£ÀßqÀ  PÀ£ÁðlPÀ
```

ಇದು ‘ಕನ್ನಡ’ ಮತ್ತು ‘ಕರ್ನಾಟಕ’. ನುಡಿಯ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ್ದು. ಯುನಿಕೋಡ್ ಬಳಕೆಗೆ ಬರುವ ಮುನ್ನ ಸಾಮಾನ್ಯ ಕಂಪ್ಯೂಟರುಗಳಿಗೆ ಕನ್ನಡದ ಅಕ್ಷರವೇ ತಿಳಿದಿರಲಿಲ್ಲ. ಆಗ ನಮ್ಮವರು ಮಾಡಿದ ಉಪಾಯವೆಂದರೆ, ಕಡತದಲ್ಲಿ ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರ, ಚಿಹ್ನೆಗಳನ್ನೇ ಇಟ್ಟು, ಫಾಂಟಿನಲ್ಲಿ ಆ ಚಿಹ್ನೆಗಳ ಜಾಗದಲ್ಲಿ ಕನ್ನಡದ ಆಕಾರ ಬರೆಯುವುದು. ಬ್ರಿಟನ್ನಿನ ಪೌಂಡ್ ಚಿಹ್ನೆಯ ಜಾಗ ‘ನ’ಕಾರಕ್ಕೆ ಸಿಕ್ಕಿತು. ಕನ್ನಡದಲ್ಲಿ ‘ನ’ ಇಲ್ಲದ ವಾಕ್ಯ ಹುಡುಕಬೇಕು. ಹಾಗಾಗಿ ಅಪ್ಪ ಹೆಜ್ಜೆಹೆಜ್ಜೆಗೂ ‘ಪೌಂಡ್’ ಕೇಳಿದರು. ಬರಹದ ಹಳೆಯ ಫಾಂಟುಗಳಲ್ಲೂ ಹೆಚ್ಚುಕಡಿಮೆ ಇದೇ ಹೊಂದಿಕೆ. ಕಂಪ್ಯೂಟರಿನಲ್ಲಿ ಪಿಡಿಎಫ್ ತೆರೆದು Properties ಒಳಗೆ Fonts ನೋಡಿದರೆ Nudi 01 e ಅಥವಾ BRH Kannada ಎಂಬಂಥ ಹೆಸರು ಕಂಡೀತು. Tunga, Nirmala UI, Noto Sans Kannada ಎಂದಿದ್ದರೆ ಅದು ಯುನಿಕೋಡ್.

ಈ ಎರಡನೆಯದಕ್ಕೆ ಪರಿಹಾರ ಸುಲಭ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಪಠ್ಯವನ್ನೆಲ್ಲ ನಕಲು ಮಾಡಿ ಆಸ್ಕಿಯಿಂದ ಯುನಿಕೋಡಿಗೆ ಬದಲಿಸುವ ಪರಿವರ್ತಕಕ್ಕೆ ಹಾಕಬೇಕು. ನುಡಿ, ಬರಹ ಎರಡರ ಜೊತೆಗೂ ಪರಿವರ್ತಕ ಬರುತ್ತದೆ. ಪರಿವರ್ತನೆಯಾದ ಮೇಲೆ ಒಂದು ಕಡೆ ಮಾತ್ರ ಕಣ್ಣಾಡಿಸಿ. ಮೂಲದಲ್ಲಿ ನಿಜವಾದ ಇಂಗ್ಲಿಷ್ ಪದ, ಇಮೇಲ್ ವಿಳಾಸ, ಪದವಿಯ ಹೆಸರು ಇದ್ದರೆ ಪರಿವರ್ತಕ ಅವನ್ನೂ ಕನ್ನಡವೆಂದು ತಿಳಿದು ಕಲಸಿಬಿಟ್ಟಿರುತ್ತದೆ. ಸಂಚಿಕೆ ಸಿದ್ಧಪಡಿಸಿದ ಶಿಷ್ಯರ ಬಳಿ ವರ್ಡ್ ಕಡತ ಇದ್ದೀತು, ಅದನ್ನು ಕೇಳಿ ಪಡೆಯಿರಿ. ಪಿಡಿಎಫ್‌ನಿಂದ ನಕಲು ಮಾಡುವಾಗ ಕಳೆದುಹೋಗುವ ಕೆಲವು ಚಿಹ್ನೆಗಳು ಅದರಲ್ಲಿ ಉಳಿದಿರುತ್ತವೆ.

ಇನ್ನು ಮೂರನೆಯದು. ನನ್ನನ್ನು ಆ ವಾರವಿಡೀ ಸತಾಯಿಸಿದ್ದು ಇದೇ, ನಿಮ್ಮಪ್ಪನನ್ನು ತಮ್ಮ ಕಿವಿಯ ಮೇಲೆ ಅನುಮಾನಪಡುವಂತೆ ಮಾಡಿದ್ದೂ ಇದೇ. ಕೈಪಿಡಿ ಯುನಿಕೋಡಿನಲ್ಲೇ ಇದೆ. ತೆರೆಯ ಮೇಲೆ ‘ಸರ್ಕಾರ’ ಎಂದು ಅಚ್ಚುಕಟ್ಟಾಗಿ ಕಾಣುತ್ತದೆ. ನಕಲು ಮಾಡಿದರೆ ಮಾತ್ರ ‘ಸಕಾರ್ರ’.

ಇದರ ಕಾರಣವನ್ನು ಅಪ್ಪನಿಗೆ ಹೇಳಿ, ಅವರು ನನಗಿಂತ ಬೇಗ ಹಿಡಿಯುತ್ತಾರೆ. ಅರ್ಕಾವೊತ್ತನ್ನು ಮಕ್ಕಳಿಗೆ ಕಲಿಸುವಾಗ ಅವರೇ ಎಷ್ಟು ಸಲ ಹೇಳಿರಬೇಡ: ಬರೆಯುವುದು ಆಮೇಲೆ, ಉಚ್ಚರಿಸುವುದು ಮೊದಲು. ‘ಧರ್ಮ’ ಎನ್ನುವಾಗ ಬಾಯಿಗೆ ‘ರ್’ ಮೊದಲು ಬರುತ್ತದೆ, ‘ಮ’ ಆಮೇಲೆ. ಕಾಗದದ ಮೇಲೆ ‘ಮ’ ಮೊದಲು ಬೀಳುತ್ತದೆ, ಆ ಕೊಕ್ಕೆ ಅದರ ಬಲಕ್ಕೆ. ಯುನಿಕೋಡ್ ಪಠ್ಯ ಬಾಯಿಯ ಕ್ರಮವನ್ನು ಕಾಪಾಡುತ್ತದೆ. ಪಿಡಿಎಫ್ ಹುಟ್ಟಿದ್ದು ಪುಟ ಎಲ್ಲೆಡೆಯೂ ಒಂದೇ ಥರ ಕಾಣಲೆಂದು, ಅದು ಕಾಪಾಡುವುದು ಕಾಗದದ ಕ್ರಮವನ್ನು. ಯಾವ ಆಕಾರವನ್ನು ಪುಟದ ಯಾವ ಜಾಗದಲ್ಲಿ ಕೂರಿಸಬೇಕು ಎಂಬುದೇ ಅದರ ಲೆಕ್ಕ. ಆಕಾರಗಳನ್ನು ಮತ್ತೆ ಅಕ್ಷರ ಮಾಡಲು ಅದರೊಳಗೆ ಒಂದು ಪಟ್ಟಿ ಇರುತ್ತದೆ: ಈ ಆಕಾರವೆಂದರೆ ಈ ಅಕ್ಷರ. ಓದುವ ಆ್ಯಪ್ ಎಡದಿಂದ ಬಲಕ್ಕೆ ಆಕಾರಗಳನ್ನು ಎತ್ತಿಕೊಂಡು ಪಟ್ಟಿ ನೋಡುತ್ತಾ ಹೋಗುತ್ತದೆ. ಧ, ಮ, ಆಮೇಲೆ ಕೊಕ್ಕೆ. ಕೊಕ್ಕೆ ಎಂದರೆ ‘ರ್’ ಎನ್ನುತ್ತದೆ ಪಟ್ಟಿ. ಜೋಡಿಸಿದರೆ ‘ಧಮರ್’. ‘ವರ್ಷ’ ‘ವಷರ್’ ಆದದ್ದು, ‘ಸರ್ಕಾರ’ದ ‘ರ್’ ‘ಕಾ’ ದಾಟಿ ಹೋದದ್ದು ಹೀಗೆಯೇ. ಇಂಗ್ಲಿಷಿನಲ್ಲಿ ಬರೆಯುವ ಕ್ರಮವೂ ಕೋಡಿನ ಕ್ರಮವೂ ಒಂದೇ ಆದ್ದರಿಂದ ಈ ತೊಂದರೆ ತಲೆದೋರುವುದೇ ಇಲ್ಲ.

ಒತ್ತಕ್ಷರಗಳೂ ದೀರ್ಘದ ಚಿಹ್ನೆಯೂ ಕೆಲವೊಮ್ಮೆ ಹೀಗೇ ಚದುರುತ್ತವೆ. ‘ಸ್ತ್ರೀ’ ಎಂಬ ಒಂದೇ ಅಕ್ಷರ ಯುನಿಕೋಡಿನಲ್ಲಿ ಆರು ಚಿಹ್ನೆಗಳ ಸಾಲು. ಕಾಗದದಲ್ಲಿ ಅದು ಮೊದಲು ‘ಸಿ’, ಅದಕ್ಕೆ ತಾಗಿ ತ ಒತ್ತು, ರ ಒತ್ತು, ಕೊನೆಗೆ ದೀರ್ಘ. ಆ ಕ್ರಮದಲ್ಲಿ ಎತ್ತಿಕೊಂಡರೆ ಗುಣಿತವೇ ಕಳಚಿಬೀಳುತ್ತದೆ. ವಾಟ್ಸಾಪಿನಲ್ಲಿ ಅಂಟಿಸಿದ ಸಾಲಿನಲ್ಲಿ ಚುಕ್ಕಿಗಳಿಂದಾದ ಪುಟ್ಟ ಉಂಗುರ ಕಂಡರೆ, ಅಲ್ಲೊಂದು ಒತ್ತು ತನ್ನ ಅಕ್ಷರವನ್ನು ಕಳೆದುಕೊಂಡು ಅನಾಥವಾಗಿದೆ ಎಂದರ್ಥ.

ತಪ್ಪು ಇಷ್ಟು ನಿಯಮಬದ್ಧವಾಗಿದ್ದರೆ ಒಂದೇ ಏಟಿಗೆ ತಿದ್ದಬಹುದಲ್ಲ ಎಂದು ನಿಮಗೆ ಅನ್ನಿಸುತ್ತದೆ, ನನಗೂ ಅನ್ನಿಸಿತ್ತು. ‘ರ್’ ಕಂಡಲ್ಲೆಲ್ಲ ಅದನ್ನು ಒಂದು ಅಕ್ಷರ ಹಿಂದಕ್ಕೆ ಸರಿಸಿದರಾಯಿತು. ಸರಿಸಿದೆ. ‘ಧಮರ್’ ‘ಧರ್ಮ’ವಾಯಿತು, ‘ವಷರ್’ ‘ವರ್ಷ’ವಾಯಿತು. ಜೊತೆಗೆ ‘ಡಾಕ್ಟರ್’ ‘ಡಾರ್ಕ್ಟ’ ಆಯಿತು, ‘ಸರ್’ ‘ರ್ಸ’ ಆಯಿತು. ನಿಜವಾಗಿಯೂ ಕೊನೆಗೆ ‘ರ್’ ಇರುವ ಪದಗಳು ಇವತ್ತಿನ ಕನ್ನಡದಲ್ಲಿ ಎಷ್ಟೊಂದಿವೆ! ಕಾರ್, ಕಂಪ್ಯೂಟರ್, ಬೀದರ್, ಅಂಬೇಡ್ಕರ್. ಕಾಗದದ ಮೇಲೆ ಆ ‘ರ್’ ಮತ್ತು ಅರ್ಕಾವೊತ್ತು ಬೇರೆ ಬೇರೆ ಆಕಾರ. ಪಟ್ಟಿಯ ಮೂಲಕ ಅಕ್ಷರವಾಗಿ ಹೊರಬಿದ್ದಾಗ ಎರಡೂ ಒಂದೇ. ಹಾಗೆ ಒಂದಾದ ಮೇಲೆ ಯಾವುದು ಯಾವುದೆಂದು ಕುರುಡಾಗಿ ಬಿಡಿಸುವ ದಾರಿಯಿಲ್ಲ.

ನನಗೆ ಕೊನೆಗೆ ಕೈಹಿಡಿದದ್ದು ಮೇಲುನೋಟಕ್ಕೆ ತಿರುಗುಮುರುಗು ಅನ್ನಿಸುವ ದಾರಿ. ಆ ಕೈಪಿಡಿಯನ್ನೂ ನಿಮ್ಮ ಹಳೆಯ ಕಾದಂಬರಿಯಂತೆಯೇ ಫೋಟೋ ಎಂದು ಪರಿಗಣಿಸಿ. ಒಳಗಿರುವ ಅಕ್ಷರಗಳನ್ನು ಪೂರ್ತಿ ಕಡೆಗಣಿಸಿ, ಪುಟದ ಚಿತ್ರವನ್ನು ನೋಡಿ ಮತ್ತೆ ಅಕ್ಷರ ಗುರುತಿಸುವಂತೆ ಮಾಡಿ. ಈ ಕೆಲಸ ಮಾಡುವ ತಂತ್ರಾಂಶಕ್ಕೆ ಒಸಿಆರ್ ಎನ್ನುತ್ತಾರೆ. ಅದು ಮನುಷ್ಯರ ಹಾಗೆ ‘ಧರ್ಮ’ದ ಆಕಾರ ನೋಡಿ ‘ಧರ್ಮ’ ಎಂದೇ, ಬಾಯಿಯ ಕ್ರಮದಲ್ಲೇ, ಯುನಿಕೋಡಿನಲ್ಲಿ ಬರೆದುಕೊಡುತ್ತದೆ. ಕೈಪಿಡಿಯ ಪುಟಗಳು ಕಲೆಯಿಲ್ಲದೆ ನಿಚ್ಚಳವಾಗಿರುವುದರಿಂದ ತಪ್ಪು ತೀರ ಕಡಿಮೆ ಬರುತ್ತವೆ.

ಮನೆಯಲ್ಲಿ ಕಂಪ್ಯೂಟರ್ ಇದ್ದು, ತಮ್ಮನಿಗೆ ಕಮಾಂಡ್ ಬರೆಯುವ ಅಭ್ಯಾಸವಿದ್ದರೆ, ಟೆಸರಾಕ್ಟ್ ಮತ್ತು ಒಸಿಆರ್‌ಮೈಪಿಡಿಎಫ್ ಎಂಬ ಉಚಿತ ತಂತ್ರಾಂಶಗಳನ್ನು ಕನ್ನಡದ ದತ್ತಾಂಶದ ಸಮೇತ ಹಾಕಿಕೊಂಡು ಈ ಸಾಲು ಕೊಡಲಿ:

```
ocrmypdf -l kan --force-ocr --sidecar kaipidi.txt kaipidi.pdf hosa.pdf
```

ಇಲ್ಲಿ force-ocr ಎಂಬುದೇ ಮುಖ್ಯ. ಅದಿಲ್ಲದಿದ್ದರೆ ‘ಇದರಲ್ಲಿ ಈಗಾಗಲೇ ಪಠ್ಯವಿದೆ’ ಎಂದು ತಂತ್ರಾಂಶ ಕೆಲಸವನ್ನೇ ನಿಲ್ಲಿಸುತ್ತದೆ. ಅಪ್ಪನಿಗೆ ಓದಿಸಬೇಕಾದದ್ದು hosa.pdf ಅಲ್ಲ, kaipidi.txt. ಪಿಡಿಎಫ್‌ನ ಜಂಜಾಟದಿಂದ ಹೊರಬಂದ ಬರೀ ಪಠ್ಯ ಅದು. ಮತ್ತೆ ಪಿಡಿಎಫ್ ಒಳಗೆ ತುರುಕಲು ಹೋಗಬೇಡಿ.

ಕಮಾಂಡ್ ಬೇಡವೆಂದರೆ ಗೂಗಲ್ ಡ್ರೈವ್ ಸಾಕು. ಪಿಡಿಎಫ್‌ನ ಪುಟಗಳನ್ನು ಮೊದಲು ಚಿತ್ರಗಳಾಗಿ ಉಳಿಸಿಕೊಂಡು, ಆ ಚಿತ್ರಗಳನ್ನು ಕಂಪ್ಯೂಟರಿನ ಬ್ರೌಸರಿನಿಂದ ಡ್ರೈವ್‌ಗೆ ಏರಿಸಿ, ಬಲಗುಂಡಿ ಒತ್ತಿ Open with, ಅಲ್ಲಿ Google Docs ಆರಿಸಿ. ಚಿತ್ರದ ಕೆಳಗೆ ಪಠ್ಯ ಬರುತ್ತದೆ. ಒಂದೊಂದು ಚಿತ್ರವೂ 2 ಎಂಬಿಯೊಳಗಿರಲಿ. ಪುಟ ಸೊಟ್ಟಗಿದ್ದರೆ ನೆಟ್ಟಗೆ ಮಾಡಿ.

ಕಾದಂಬರಿಗೂ ಇದೇ ದಾರಿ, ಆದರೆ ಅಲ್ಲಿ ನಿರೀಕ್ಷೆ ಸ್ವಲ್ಪ ತಗ್ಗಿಸಿಕೊಳ್ಳಿ. ಮೊಳೆಯಚ್ಚಿನ ಪುಸ್ತಕ, ಸವೆದ ಮೊಳೆ, ಹಳದಿ ಕಾಗದ, ಹಿಂಬದಿಯ ಮಸಿ ಈಚೆ ಹಾಯ್ದ ಪುಟ. ಮಹಾಪ್ರಾಣದ ಆ ಸಣ್ಣ ಸೀಳು ಅಚ್ಚಿನಲ್ಲಿ ಮೂಡದಿದ್ದರೆ ‘ಧ’ ಹೋಗಿ ‘ದ’ ಆಗುತ್ತದೆ. ‘ಷ’ ಹೋಗಿ ‘ಪ’ ಆಗುತ್ತದೆ. ಅನುಸ್ವಾರದ ಸೊನ್ನೆಗೂ ಅಂಕಿಯ ಸೊನ್ನೆಗೂ ಆಕಾರ ಒಂದೇ ಆದ್ದರಿಂದ ಎಷ್ಟೋ ಕಡೆ ಅದಲುಬದಲಾಗುತ್ತವೆ. ಕಣ್ಣಿಗೆ ಗೊತ್ತೇ ಆಗದು. ಕಿವಿಗೆ ಮಾತ್ರ ‘ಬಂದ’ ಎನ್ನುವ ಬದಲು ‘ಬ ಸೊನ್ನೆ ದ’ ಎಂದು ಕೇಳಿಸುತ್ತದೆ. ಅರ್ಕಾವೊತ್ತಿನ ಜಾಗದಲ್ಲಿ ಅಂಕಿಯ ೯ ಸೇರಿಕೊಂಡರೆ ‘ಧಮ ಒಂಬತ್ತು’. ಇದನ್ನು ಜನ ಕೈಯಾರೆ ಬೆರಳಚ್ಚು ಮಾಡುವಾಗಲೂ ಮಾಡುತ್ತಾರೆ. ಅಕ್ಷರಗಳ ನಡುವೆ ಸಿಕ್ಕಿದ ೦ಯನ್ನು ಹುಡುಕಿ ಅನುಸ್ವಾರ ಮಾಡಬಹುದು, ಆದರೆ ಒಟ್ಟಿಗೆ ಎಲ್ಲವನ್ನೂ ಬದಲಿಸಬೇಡಿ. ಕಾದಂಬರಿಯಲ್ಲಿ ಇಸವಿಗಳು ಕನ್ನಡ ಅಂಕಿಯಲ್ಲಿದ್ದರೆ ಅವು ಕೆಡುತ್ತವೆ.

ಪಠ್ಯ ಶುದ್ಧವಾದ ಮೇಲೂ ದನಿಗೆ ತನ್ನದೇ ಮಿತಿಗಳು ಉಳಿಯುತ್ತವೆ. ‘ಕ್ರಿ.ಶ.’ ಎಂಬಲ್ಲಿ ಚುಕ್ಕಿ ಕಂಡು ವಾಕ್ಯ ಮುಗಿಯಿತೆಂದು ನಿಲ್ಲಬಹುದು. ಪ್ರತಿ ಸಾಲಿನ ಕೊನೆಗೂ ತಡೆದು ನಿಂತು ಓದಿದರೆ, ಪಠ್ಯದಲ್ಲಿ ಸಾಲುಗಳು ಮುರಿದಿವೆ. ಪ್ಯಾರಾದೊಳಗಿನ ಮುರಿತಗಳನ್ನು ಸೇರಿಸಿ. ಪುಟದ ತಲೆಯಲ್ಲಿರುವ ಅಧ್ಯಾಯದ ಹೆಸರು, ಅಡಿಯ ಪುಟಸಂಖ್ಯೆ ಮಾತಿನ ನಡುವೆ ನುಗ್ಗುತ್ತವೆ, ಅವನ್ನು ಅಳಿಸಿ. ಎರಡು ಅಂಕಣದ ಪುಟವಾದರೆ ಎಡಬಲದ ಸಾಲುಗಳು ಬೆರೆತಿವೆಯೇ ನೋಡಿ. ಇವೆಲ್ಲ ಕೈಯಿಂದ ಆಗುವ ಕೆಲಸ, ಹತ್ತು ಪುಟಕ್ಕೆ ಅರ್ಧ ಗಂಟೆ ಹಿಡಿದೀತು.

ಕೈಯಿಂದ ಆಗದ್ದೂ ಒಂದಿದೆ, ಅದನ್ನು ಮುಚ್ಚಿಡುವುದಿಲ್ಲ. ಕಾವ್ಯ. ಈ ದನಿಗಳು ಕಲಿತದ್ದು ಇವತ್ತಿನ ಗದ್ಯದ ಕನ್ನಡ. ಷಟ್ಪದಿಯ ಗಣವೂ ಯತಿಯೂ ಅವಕ್ಕೆ ಗೊತ್ತಿಲ್ಲ. ಪದ್ಯದ ಸಾಲಿನ ಕೊನೆಯಲ್ಲಿ ಅರ್ಧ ಪದ ಮುರಿದಿದ್ದರೆ ಅದನ್ನು ಹಾಗೇ ಮುರಿದು ಓದುತ್ತವೆ. ಹಳಗನ್ನಡದ ಱ, ೞ ಬಂದರೆ ತಡವರಿಸುತ್ತವೆ. ವರ್ಷಗಟ್ಟಲೆ ತರಗತಿಯಲ್ಲಿ ರಾಗವಾಗಿ ಪದ್ಯ ಓದಿದವರಿಗೆ ಅದನ್ನು ಕೇಳಿಸಬೇಡಿ. ವಾರಕ್ಕೊಮ್ಮೆ ನಿಮಗೆ ಸಿಗುವ ಆ ಸಮಯವನ್ನು ಪದ್ಯಕ್ಕೇ ಇಡಿ. ನೀವು ಪುಸ್ತಕ ನೋಡಿ ಒಂದು ಸಾಲು ಹೇಳಿ, ಮುಂದಿನದನ್ನು ಅವರು ಬಾಯಿಪಾಠದಿಂದ ಹೇಳಿಯಾರು. ಕಾದಂಬರಿ, ಪತ್ರಿಕೆ, ಕೈಪಿಡಿ ಇವುಗಳನ್ನು ಫೋನಿಗೆ ಬಿಡಿ. ಅವರು ಕೇಳುವುದನ್ನು ಬಿಟ್ಟದ್ದು ಓದಿನ ಆಸೆ ಬತ್ತಿ ಅಲ್ಲ, ನಿಮ್ಮ ಸಮಯ ಕೇಳಲು ಸಂಕೋಚವಾಗಿ ಎಂದು ನನಗನ್ನಿಸುತ್ತದೆ. ಬೇಕೆಂದಾಗ ತಾವೇ ಗುಂಡಿ ಒತ್ತಿ ಕೇಳುವಂತಾದರೆ ಆ ಸಂಕೋಚಕ್ಕೆ ಜಾಗವಿರುವುದಿಲ್ಲ.

ಪುಸ್ತಕವನ್ನು ಹೀಗೆ ಬದಲಿಸಿಕೊಳ್ಳುವುದು ತಪ್ಪಲ್ಲವೇ ಎಂಬ ಅಳುಕು ಬೇಡ. ಅಂಗವಿಕಲರಿಗೆ ಓದಲು ಬರುವ ರೂಪದಲ್ಲಿ ಪ್ರತಿ ಮಾಡಿಕೊಡುವುದಕ್ಕೆ 2012ರಲ್ಲಿ ತಿದ್ದುಪಡಿಯಾದ ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯೇ ಅವಕಾಶ ಕೊಟ್ಟಿದೆ. ಅದನ್ನು ಬೇರೆಯವರಿಗೆ ಹಂಚಬೇಡಿ, ಅಷ್ಟೇ. ಮೊದಲು ಸುಗಮ್ಯ ಪುಸ್ತಕಾಲಯದಲ್ಲಿ ಹುಡುಕಿ ನೋಡುವುದೂ ಒಳ್ಳೆಯದು. ದೃಷ್ಟಿದೋಷವಿರುವವರಿಗಾಗಿ 2016ರಲ್ಲಿ ಆರಂಭವಾದ ಆನ್‌ಲೈನ್ ಗ್ರಂಥಾಲಯ ಅದು, ಪ್ರಮಾಣಪತ್ರ ಕೊಟ್ಟು ಸದಸ್ಯರಾಗಬೇಕು. ಹಳೆಯ ಕೃತಿಗಳಾದರೆ ಕನ್ನಡ ವಿಕಿಸೋರ್ಸ್‌ನಲ್ಲಿ ಕೆಲವು ಯುನಿಕೋಡ್ ಪಠ್ಯವಾಗಿಯೇ ಇವೆ. ಅಲ್ಲಿ ಸಿಕ್ಕಿದರೆ ಒಸಿಆರ್‌ನ ಕಷ್ಟವೇ ಇಲ್ಲ.

ಕೈಪಿಡಿಯಿಂದ ಶುರುಮಾಡಿ, ಅದು ಒಂದು ಸಂಜೆಯಲ್ಲಿ ಮುಗಿಯುತ್ತದೆ. ಆಮೇಲೆ ಸ್ಮರಣ ಸಂಚಿಕೆ. ಕಾದಂಬರಿಯನ್ನು ಒಟ್ಟಿಗೆ ಮುಗಿಸಲು ಹೋಗದೆ ಒಂದೊಂದೇ ಅಧ್ಯಾಯ ಮಾಡಿ, ತಿದ್ದದೆಯೇ ಅಪ್ಪನಿಗೆ ಕೊಡಿ. ಎಲ್ಲಿ ತಪ್ಪಿದೆಯೆಂದು ಅವರು ಕೇಳಿ ಹೇಳಲಿ. ‘ದನ’ ಎಂದು ಓದಿದ ಕಡೆ ಅದು ‘ಧನ’ವಾಗಿರಬೇಕೆಂದು ವಾಕ್ಯದ ಅರ್ಥದಿಂದಲೇ ಹಿಡಿಯುವುದು ಕನ್ನಡ ಮೇಷ್ಟ್ರಿಗೆ ಆಗುತ್ತದೆ, ಯಾವ ತಂತ್ರಾಂಶಕ್ಕೂ ಅಷ್ಟು ಚೆನ್ನಾಗಿ ಆಗದು. ನೀವು ಮೂಲದ ಆ ಪುಟ ತೆರೆದು ನೋಡಿ, ಅವರು ಹೇಳಿದಂತೆ ತಿದ್ದಿ, ಮರುದಿನ ಮುಂದಿನ ಅಧ್ಯಾಯ ಹಾಕಿಕೊಡಿ.